ಎರಡು ಡಬ್ಬ ಅಲಸಂದೆ ಕಾಳು, ಗುಂಪಿಗೆ 199 ಬಾಣಂತಿಯರು

ಹಾಸನದಲ್ಲಿ ಮೆಡಿಕಲ್ ಪಿಜಿಗಳು ಥೀಸಿಸ್ ಶುರು ಮಾಡುವ ಹೊತ್ತಿಗೆ ನನ್ನ ಟೇಬಲ್ ಮೇಲೆ ಎರಡು ಸ್ಟೀಲ್ ಡಬ್ಬ ಬಂದು ಕೂರುತ್ತವೆ. ಎರಡರಲ್ಲೂ ಒಂದೊಂದು ಸಾವಿರ ಅಲಸಂದೆ ಕಾಳು. ಮೊದಲ ಡಬ್ಬದಲ್ಲಿ 200 ಕೆಂಪು ಕಾಳು, ಉಳಿದದ್ದೆಲ್ಲ ಬಿಳಿ. ಎರಡನೆಯದರಲ್ಲಿ 100 ಮಾತ್ರ ಕೆಂಪು. ಎಣಿಸಿ ಹಾಕಿದ್ದು ನಾನೇ, ಹಾಗಾಗಿ ಎರಡಕ್ಕೂ ವ್ಯತ್ಯಾಸ ಇದೆ ಅನ್ನೋದರಲ್ಲಿ ಅನುಮಾನ ಇಲ್ಲ.

ಕಳೆದ ಸಲ ಈ ಡಬ್ಬ ತೆರೆದದ್ದು ಹೆರಿಗೆ ವಿಭಾಗದ ಒಬ್ಬ ಪಿಜಿ ವಿದ್ಯಾರ್ಥಿನಿಗಾಗಿ. ತುರ್ತು ಸಿಸೇರಿಯನ್‌ಗೆ ಮುಂಚೆ ಹೊಟ್ಟೆಯ ಚರ್ಮಕ್ಕೆ ಹಚ್ಚುವ ದ್ರಾವಣದ ಬಗ್ಗೆ ಅವರ ಅಧ್ಯಯನ. ಈಗ ಹಚ್ಚುತ್ತಿರುವುದು ಪೊವಿಡೋನ್ ಅಯೋಡಿನ್. ಅದರ ಬದಲು ಕ್ಲೋರ್‌ಹೆಕ್ಸಿಡಿನ್-ಆಲ್ಕೊಹಾಲ್ ಹಚ್ಚಿದರೆ 30 ದಿನದೊಳಗೆ ಹೊಲಿಗೆಗೆ ಸೋಂಕು ಆಗುವುದು ಕಡಿಮೆಯಾಗುತ್ತಾ ಅನ್ನೋದು ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ.

"ಸರ್, ಗುಂಪಿಗೆ 30 ಅಂತ ಹಾಕಿದ್ದೀನಿ. ಒಟ್ಟು 60. ನೀವೊಂದು ಸಲ ನೋಡಿಬಿಟ್ರೆ ಎಥಿಕ್ಸ್ ಕಮಿಟಿಗೆ ಕೊಡ್ತೀನಿ."

"30 ಯಾಕೆ ಮೇಡಂ?"

"ಸೀನಿಯರ್ಸ್ ಎಲ್ಲ 30 ಹಾಕಿದ್ದಾರೆ ಸರ್. 30 ಇದ್ರೆ ಸಾಕು ಅಂತಾರಲ್ವಾ?"

ಈ 30 ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ. ಸರಾಸರಿಗಳ ಜೊತೆ ಕೆಲಸ ಮಾಡುವಾಗ, 30ರ ಆಸುಪಾಸು ದಾಟಿದರೆ ಸರಾಸರಿಯ ಹಂಚಿಕೆ ಗಂಟೆಯಾಕಾರಕ್ಕೆ ಹತ್ತಿರ ಬರುತ್ತದೆ ಅನ್ನುವ ಒಂದು ಸ್ಥೂಲ ಮಾತಿದೆ. ಎರಡು ಗುಂಪುಗಳ ವ್ಯತ್ಯಾಸ ಹಿಡಿಯಲು 30 ಜನ ಸಾಕು ಅಂತ ಅದು ಎಲ್ಲೂ ಹೇಳುವುದಿಲ್ಲ.

ನಾನು ಡಬ್ಬಗಳನ್ನು ಮುಂದಿಟ್ಟೆ. "ಕಣ್ಣು ಮುಚ್ಚಿ ಒಂದೊಂದರಿಂದ 30 ಕಾಳು ತೆಗೀರಿ. ಕೆಂಪು ಎಷ್ಟು ಅಂತ ಬರೀರಿ. ಮತ್ತೆ ಒಳಗೆ ಹಾಕಿ ಚೆನ್ನಾಗಿ ಕುಲುಕಿ." ಐದು ಸಲ ಮಾಡಿದರು. ಮೊದಲ ಡಬ್ಬದಿಂದ 5, ಎರಡನೆಯದರಿಂದ 4. ಆಮೇಲೆ 7 ಮತ್ತು 3. ಮೂರನೆಯ ಸಲ 4 ಮತ್ತು 5, ಅಂದರೆ ಉಲ್ಟಾ. ನಂತರ 6 ಮತ್ತು 2. ಕೊನೆಗೆ 8 ಮತ್ತು 2. ಒಂದೊಂದಕ್ಕೂ ಕೈ-ಸ್ಕ್ವೇರ್ ಪರೀಕ್ಷೆ ಹಾಕಿ ಪಿ ವ್ಯಾಲ್ಯೂ ನೋಡಿದೆವು, ಅಂದರೆ ಡಬ್ಬಗಳಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಂತರ ಬರುವ ಸಾಧ್ಯತೆ ಎಷ್ಟು ಅಂತ. ಐದರಲ್ಲಿ ಕೊನೆಯ ಒಂದು ಜೋಡಿ ಮಾತ್ರ 0.05ರ ಗೆರೆ ದಾಟಿ ಕೆಳಗೆ ಇಳಿಯಿತು.

ಐದಕ್ಕೆ ಒಂದು ಬಂದದ್ದು ನಮ್ಮ ಅದೃಷ್ಟದ ಮಾತಲ್ಲ. 20% ಮತ್ತು 10% ನಡುವಿನ ನಿಜವಾದ ವ್ಯತ್ಯಾಸವನ್ನು ಗುಂಪಿಗೆ 30ರಂತೆ ಹುಡುಕಿದರೆ ಸಿಗುವ ಪವರ್ ಸುಮಾರು 19%. ಅಂದರೆ ಔಷಧ ನಿಜವಾಗಿ ಸೋಂಕನ್ನು ಅರ್ಧಕ್ಕೆ ಇಳಿಸಿದರೂ, ಇಂಥ ನೂರು ಅಧ್ಯಯನ ನಡೆದರೆ 81ರಲ್ಲಿ "ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ" ಅಂತ ಬರೆಯಬೇಕಾಗುತ್ತದೆ. ಓದಿದವರು ಅದನ್ನು "ಎರಡೂ ಒಂದೇ" ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಹಳೆಯ ಬಾಟಲಿಯೇ ಮುಂದುವರಿಯುತ್ತದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಆ ಗೆದ್ದ ಐದನೆಯ ಜೋಡಿ. 30ರಲ್ಲಿ 8 ಅಂದರೆ 27%. 30ರಲ್ಲಿ 2 ಅಂದರೆ 7%. ಡಬ್ಬದಲ್ಲಿ ಇರುವುದು 20 ಮತ್ತು 10, ಕಾಗದದ ಮೇಲೆ ಬಂದದ್ದು 27 ಮತ್ತು 7. ಹತ್ತರ ಅಂತರ ಇಪ್ಪತ್ತಾಗಿ ಕಂಡಿತು. ಸಣ್ಣ ಅಧ್ಯಯನದಲ್ಲಿ ಅಂತರ ವಿಪರೀತ ದೊಡ್ಡದಾಗಿ ಕಂಡಾಗ ಮಾತ್ರ ಪಿ ವ್ಯಾಲ್ಯೂ ಗೆರೆ ದಾಟುತ್ತದೆ. ಸರಿಯಾಗಿ 6 ಮತ್ತು 3 ಬಂದಿದ್ದರೆ, ಅಂದರೆ ಡಬ್ಬದಲ್ಲಿರುವ ನಿಜವೇ ಕೈಗೆ ಸಿಕ್ಕಿದ್ದರೆ, ಪಿ ವ್ಯಾಲ್ಯೂ 0.28 ಆಗುತ್ತಿತ್ತು. ಸತ್ಯ ಸೋತು, ಉತ್ಪ್ರೇಕ್ಷೆ ಗೆಲ್ಲುವ ಲೆಕ್ಕ ಇದು. ಮುಂದೆ ಯಾರೋ ಇನ್ನೊಬ್ಬರು ಆ 27 ಮತ್ತು 7ನ್ನೇ ನಂಬಿ ತಮ್ಮ ಸ್ಯಾಂಪಲ್ ಸೈಜ್ ಹಾಕುತ್ತಾರೆ. ಅವರದ್ದೂ ಚಿಕ್ಕದಾಗುತ್ತದೆ.

ಹಾಗಾದರೆ ಎಷ್ಟು ಬೇಕು? ಇದಕ್ಕೆ ನಾಲ್ಕು ಸಂಖ್ಯೆ ಸಾಕು. ಎರಡು ಸುಲಭ. ಸಿಗ್ನಿಫಿಕೆನ್ಸ್ ಮಟ್ಟ 5%: ಎರಡೂ ದ್ರಾವಣ ನಿಜವಾಗಿ ಒಂದೇ ಆಗಿದ್ದರೆ, ನೂರಕ್ಕೆ ಐದು ಸಲ ಮಾತ್ರ ನಾವು ಸುಮ್ನೆ ವ್ಯತ್ಯಾಸ ಇದೆ ಅಂದುಬಿಡುತ್ತೇವೆ. ಪವರ್ 80%: ನಾವು ಅಂದುಕೊಂಡಷ್ಟು ವ್ಯತ್ಯಾಸ ನಿಜವಾಗಿ ಇದ್ದರೆ, ನೂರಕ್ಕೆ 80 ಸಲ ಅದನ್ನು ಹಿಡಿಯುತ್ತೇವೆ. ಇವೆರಡು ರೂಢಿಯಿಂದ ಬಂದವು, ಇವುಗಳ ಮೇಲೆ ಜಗಳ ಕಡಿಮೆ.

ಕಷ್ಟ ಇರುವುದು ಉಳಿದ ಎರಡರಲ್ಲಿ. ಈಗಿನ ದ್ರಾವಣದಲ್ಲಿ ಸೋಂಕು ಎಷ್ಟು, ಹೊಸದರಲ್ಲಿ ಎಷ್ಟಾಗಬಹುದು?

ಮೊದಲನೆಯದನ್ನು ಪತ್ರಿಕೆಗಳಲ್ಲಿ ಹುಡುಕಬೇಡಿ, ನಿಮ್ಮ ಡ್ರೆಸ್ಸಿಂಗ್ ರೂಮಿನ ರಿಜಿಸ್ಟರ್‌ನಲ್ಲಿ ಹುಡುಕಿ ಅಂದೆ. 2016ರಲ್ಲಿ ಅಮೆರಿಕದಿಂದ ಒಂದು ಒಳ್ಳೆಯ ಅಧ್ಯಯನ ಬಂತು. 1147 ಸಿಸೇರಿಯನ್‌ಗಳಲ್ಲಿ ಅಯೋಡಿನ್-ಆಲ್ಕೊಹಾಲ್ ಹಚ್ಚಿದವರಿಗೆ 7.3% ಸೋಂಕು, ಕ್ಲೋರ್‌ಹೆಕ್ಸಿಡಿನ್-ಆಲ್ಕೊಹಾಲ್ ಹಚ್ಚಿದವರಿಗೆ 4.0%. ಈ ಎರಡು ಸಂಖ್ಯೆಯನ್ನು ಹಾಗೇ ಎತ್ತಿ ಹಾಕಿದರೆ ಗುಂಪಿಗೆ 768 ಜನ ಬೇಕು. ಆದರೆ ಅಲ್ಲಿನ 7.3 ಇಲ್ಲಿನದಲ್ಲ. ಅಲ್ಲಿ ಮೊದಲೇ ನಿಗದಿಯಾದ ಸಿಸೇರಿಯನ್‌ಗಳೂ ಸೇರಿದ್ದವು. ಇಲ್ಲಿ ನೋಡುತ್ತಿರುವುದು ಗಂಟೆಗಟ್ಟಲೆ ನೋವು ತಿಂದು, ನೀರೊಡೆದು, ಸಕಲೇಶಪುರ, ಅರಕಲಗೂಡು ಕಡೆಯಿಂದ ಆಂಬ್ಯುಲೆನ್ಸ್‌ನಲ್ಲಿ ಬಂದವರನ್ನು.

ಆಕೆ ಒಂದು ವಾರ ಕೂತು ಹಿಂದಿನ 200 ತುರ್ತು ಸಿಸೇರಿಯನ್‌ಗಳನ್ನು ಒಂದೂ ಬಿಡದೆ ನೋಡಿದರು. ಕೀವು ಬಂದದ್ದು, ಹೊಲಿಗೆ ಬಿಟ್ಟದ್ದು, ಮತ್ತೆ ಆ್ಯಂಟಿಬಯೋಟಿಕ್ ಶುರು ಮಾಡಿದ್ದು ಎಲ್ಲ ಸೇರಿ 40. ಅಂದರೆ 20%. ಇದೂ ಕಲ್ಲಿನ ಮೇಲೆ ಕೊರೆದದ್ದಲ್ಲ. 200ರಲ್ಲಿ 40 ಅಂದರೆ ನಿಜವಾದ ದರ ಸುಮಾರು 15ರಿಂದ 26ರ ನಡುವೆ ಎಲ್ಲಾದರೂ ಇರಬಹುದು. ಆದರೂ ಊರಾಚೆಯ ಅಂಕಿಗಿಂತ ಇದು ನೂರು ಪಾಲು ವಾಸಿ.

ಎರಡನೆಯದು ಲೆಕ್ಕದ ಪ್ರಶ್ನೆಯಲ್ಲ, ವೈದ್ಯರ ಪ್ರಶ್ನೆ. ಎಷ್ಟು ಇಳಿದರೆ ನೀವು ದ್ರಾವಣ ಬದಲಾಯಿಸುತ್ತೀರಿ? ಅವರ ಗೈಡ್ ಯೋಚಿಸಿ, ಹೊಸದರ ಬೆಲೆ ಜಾಸ್ತಿ, ಸೋಂಕು ಅರ್ಧಕ್ಕಾದರೂ ಇಳಿಯಬೇಕು ಅಂದರು. ಅಮೆರಿಕದ ಅಧ್ಯಯನದಲ್ಲೂ 7.3ರಿಂದ 4.0ಕ್ಕೆ, ಅಂದರೆ ಸುಮಾರು ಶೇಕಡಾ 45ರಷ್ಟು ಇಳಿದಿತ್ತು. ಹಾಗಾಗಿ ಅರ್ಧ ಅನ್ನುವುದು ಆಸೆ ಮಾತ್ರವಲ್ಲ, ಆಗಬಹುದಾದದ್ದೇ. ಮೂಲ ದರ ನಮ್ಮ ರಿಜಿಸ್ಟರ್‌ನಿಂದ, ಎಷ್ಟು ಪಾಲು ಇಳಿಯಬಹುದು ಅನ್ನುವ ಅಂದಾಜು ಬೇರೆಯವರ ಅಧ್ಯಯನದಿಂದ. ನಾನು ನಂಬುವ ದಾರಿ ಇದು.

ಈಗ ಕೈಲೆಕ್ಕ. ಒಂದೊಂದು ದರವನ್ನೂ ಅದರ ಉಳಿಕೆಯಿಂದ ಗುಣಿಸಿ: 0.20 × 0.80 = 0.16, 0.10 × 0.90 = 0.09. ಕೂಡಿದರೆ 0.25. ಇದನ್ನು 7.85ರಿಂದ ಗುಣಿಸಿ. 5% ಮಟ್ಟದ 1.96 ಮತ್ತು 80% ಪವರ್‌ನ 0.842 ಎರಡನ್ನೂ ಕೂಡಿ ವರ್ಗ ಮಾಡಿದರೆ ಬರುವ ಸಂಖ್ಯೆ ಅದು. ಕೊನೆಗೆ ಅಂತರದ ವರ್ಗದಿಂದ, 0.10 × 0.10 = 0.01ರಿಂದ ಭಾಗಿಸಿ. 196.25 ಬರುತ್ತದೆ, ಅಂದರೆ ಗುಂಪಿಗೆ 197. ಆರ್ ತಂತ್ರಾಂಶ ಬಳಸುವವರು ಹೀಗೆ ಕೊಡಬಹುದು:

```r
power.prop.test(p1 = 0.20, p2 = 0.10,
                sig.level = 0.05, power = 0.80)
```

ಇದು 198.96 ಅನ್ನುತ್ತದೆ, ಅಂದರೆ 199. ಎರಡರಲ್ಲಿ ಯಾವುದು ಸರಿ ಅಂತ ಪಿಜಿಗಳು ಗಾಬರಿಯಾಗುತ್ತಾರೆ. ಎರಡೂ ಸರಿ. ವ್ಯತ್ಯಾಸ ಇಲ್ಲ ಅನ್ನುವ ಊಹೆಯನ್ನು ಪರೀಕ್ಷಿಸುವಾಗ ಆರ್ ಎರಡು ಗುಂಪಿನ ದರದ ಸರಾಸರಿಯನ್ನು, ಇಲ್ಲಿ 15%ನ್ನು, ಬಳಸುತ್ತದೆ. ಕೈಲೆಕ್ಕ ಬಳಸುವುದಿಲ್ಲ. ಕಂಟಿನ್ಯುಟಿ ಕರೆಕ್ಷನ್ ಸೇರಿಸುವ ತಂತ್ರಾಂಶವಾದರೆ 219 ತೋರಿಸುತ್ತದೆ. ಯಾವ ಸೂತ್ರ ಅಂತ ಥೀಸಿಸ್‌ನಲ್ಲಿ ಬರೆದರೆ ಆಯಿತು. ನಾವು 199 ಇಟ್ಟುಕೊಂಡೆವು.

ಗಮನ ಇರಬೇಕಾದದ್ದು ಆ ಭಾಗಾಕಾರದ ಮೇಲೆ. ಅಂತರ ವರ್ಗವಾಗಿ ಕೆಳಗೆ ಕೂತಿದೆ. ಹೊಸ ದರ 10ರ ಬದಲು 11 ಅಂದರೆ ಗುಂಪಿಗೆ 253 ಬೇಕು. 15 ಅಂದರೆ 906. ಒಂದೊಂದು ಶೇಕಡಾಕ್ಕೂ ಇಷ್ಟು ತೂಕ ಇರುವುದರಿಂದಲೇ ಇಲ್ಲಿ ಕೈಚಳಕ ನಡೆಯುತ್ತದೆ. "ನಮಗೆ ಸಿಗುವುದು ಇಷ್ಟೇ ಜನ" ಅಂತ ಮೊದಲು ತೀರ್ಮಾನಿಸಿ, ಆ ಸಂಖ್ಯೆ ಬರುವ ತನಕ ಹೊಸ ದರವನ್ನು ಇಳಿಸುತ್ತಾ ಹೋಗುತ್ತಾರೆ. ಥೀಸಿಸ್ ಓದುವಾಗ ಇದನ್ನು ಪತ್ತೆ ಹಚ್ಚುವುದು ಸುಲಭ. ಹೊಸ ದರ 20ರಿಂದ 3ಕ್ಕೆ ಇಳಿಯುತ್ತದೆ ಅಂತ ಬರೆದು, ಯಾಕೆ 3 ಅನ್ನುವುದಕ್ಕೆ ಒಂದು ವಾಕ್ಯವೂ ಇಲ್ಲದಿದ್ದರೆ ಲೆಕ್ಕ ಹಿಂದಿನಿಂದ ಮುಂದಕ್ಕೆ ನಡೆದಿದೆ ಅಂತಲೇ.

199 ಅನ್ನುವುದು 30ನೇ ದಿನ ನಮ್ಮ ಕಣ್ಣಿಗೆ ಬೀಳಬೇಕಾದವರ ಸಂಖ್ಯೆ. ಸೇರಿಸಿಕೊಳ್ಳಬೇಕಾದವರದ್ದಲ್ಲ. ನಮ್ಮಲ್ಲಿ ಬಾಣಂತಿ ತವರಿಗೆ ಹೋಗುತ್ತಾಳೆ. ತೋಟದ ಲೈನ್ ಮನೆಯಲ್ಲಿದ್ದವರು ಕೆಲಸ ಮುಗಿದರೆ ಬೇರೆ ತೋಟಕ್ಕೆ, ಕೆಲವೊಮ್ಮೆ ಬೇರೆ ರಾಜ್ಯಕ್ಕೇ ಹೊರಡುತ್ತಾರೆ. ನೂರಕ್ಕೆ 15 ಜನ ತಪ್ಪಿಸಿಕೊಳ್ಳುತ್ತಾರೆ ಅಂತ ಹಿಡಿದೆವು. ಇಲ್ಲಿ ಬಹಳ ಜನ 199ಕ್ಕೆ 15% ಸೇರಿಸಿ 229 ಅಂತ ಬರೆಯುತ್ತಾರೆ. ತಪ್ಪು. 229ರಲ್ಲಿ 15% ಹೋದರೆ ಉಳಿಯುವುದು ಸುಮಾರು 195, 199 ಅಲ್ಲ. 199ನ್ನು 0.85ರಿಂದ ಭಾಗಿಸಬೇಕು. 235 ಬರುತ್ತದೆ. ಎರಡು ಗುಂಪಿಗೆ 470.

470 ಅಂದ ಕೂಡಲೇ ಆಕೆಯ ಮುಖ ಬಾಡಿತು. ಅವರ ಯೂನಿಟ್‌ನಲ್ಲಿ ಅಧ್ಯಯನಕ್ಕೆ ಹೊಂದುವ ತುರ್ತು ಸಿಸೇರಿಯನ್ ತಿಂಗಳಿಗೆ ಸುಮಾರು 20. ಇಪ್ಪತ್ತನಾಲ್ಕು ತಿಂಗಳು ಹಿಡಿಯುತ್ತದೆ, ಇರುವುದು ಹದಿನೆಂಟು. ಪವರ್ ಇಳಿಸೋಣವಾ ಅಂತ ಕೇಳಿದರು. ಬೇಡ ಅಂದೆ. ಪಕ್ಕದ ಯೂನಿಟ್‌ನವರನ್ನು ಕೇಳಿ ಅಂದೆ. ಅವರು ಒಪ್ಪಿದರು. ಎರಡೂ ಸೇರಿ ತಿಂಗಳಿಗೆ 32, ಹದಿನೈದು ತಿಂಗಳಲ್ಲಿ ಮುಗಿಯುತ್ತದೆ, ಕೊನೆಯವರ 30 ದಿನ ಕಾಯುವುದಕ್ಕೂ ಸಮಯ ಉಳಿಯುತ್ತದೆ. ಯೂನಿಟ್‌ಗಳ ನಡುವೆ ಹೊಲಿಗೆ ಹಾಕುವ ರೀತಿ ಬೇರೆ ಇರಬಹುದಾದ್ದರಿಂದ ಯಾರಿಗೆ ಯಾವ ದ್ರಾವಣ ಅನ್ನುವ ಚೀಟಿಯನ್ನು ಪ್ರತಿ ಯೂನಿಟ್‌ಗೂ ಬೇರೆಯಾಗಿ ಮಾಡಿಕೊಟ್ಟೆ. ಪಕ್ಕದ ಯೂನಿಟ್ ಒಪ್ಪದಿದ್ದರೆ, ಇದನ್ನು ಪೈಲಟ್ ಅಧ್ಯಯನ ಅಂತ ಶೀರ್ಷಿಕೆಯಲ್ಲೇ ಬರೆದು, ಪಿ ವ್ಯಾಲ್ಯೂ ಬಿಟ್ಟು ದರಗಳನ್ನಷ್ಟೇ ಹೇಳಿ ಅಂತ ಹೇಳುವವನಿದ್ದೆ.

ಮುಂದಿನ ವಾರ ಅವರು ತಿದ್ದಿದ ಕೇಸ್ ಶೀಟ್ ತಂದರು. ಗಂಡನ ಮನೆಯ ವಿಳಾಸದ ಕೆಳಗೆ ಹೊಸದಾಗಿ ಎರಡು ಸಾಲು ಇದ್ದವು: ತವರಿನ ಊರು, ತಾಯಿಯ ಫೋನ್ ನಂಬರ್.