ಗಂಡನ ಹಿಮೋಗ್ಲೋಬಿನ್ 14.6 ಇದ್ದರೆ ಸಾಕೇ?

ಬೆಂಗಳೂರಿನ ಹುಡುಗಿ, ನಾಗಪುರ ಕಡೆಯ ಹುಡುಗ; ಮೊದಲ ಬಸಿರು, 10ನೇ ವಾರ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಆಕೆಗೆ 'ರಕ್ತ ಕಡಿಮೆ' ಎಂದು ಬೇರೆಲ್ಲೋ ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ರಕ್ತಕಣಗಳನ್ನು ಎಣಿಸುವ ಸಿಬಿಸಿ ವರದಿಯಲ್ಲಿ ಹಿಮೋಗ್ಲೋಬಿನ್ 10.4. ಅದರಲ್ಲಿ ವಿಶೇಷವೇನಿಲ್ಲ, ನಮ್ಮ ಅರ್ಧಕ್ಕರ್ಧ ಗರ್ಭಿಣಿಯರದ್ದು ಇದೇ ಕಥೆ. ಕಣ್ಣಿಗೆ ಬಿದ್ದದ್ದು ಕೆಳಗಿನ ಸಾಲುಗಳು: ಕೆಂಪು ರಕ್ತಕಣದ ಗಾತ್ರ ಹೇಳುವ ಎಂಸಿವಿ 65, ಕಣಗಳ ಸಂಖ್ಯೆ 54 ಲಕ್ಷ. ಕಬ್ಬಿಣ ಕಡಿಮೆಯಾದರೂ ಕಣ ಚಿಕ್ಕದಾಗುತ್ತದೆ, ಆದರೆ ಸಾಮಾನ್ಯವಾಗಿ ಸಂಖ್ಯೆಯೂ ಇಳಿಯುತ್ತದೆ. ಕಣ ಇಷ್ಟು ಚಿಕ್ಕದಾಗಿದ್ದೂ ಸಂಖ್ಯೆ ತುಂಬಿಕೊಂಡಿದ್ದರೆ, ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆ ಥಲಸ್ಸೀಮಿಯಾದ ವಾಹಕತ್ವದ ಅನುಮಾನ ಬರಬೇಕು. ಎಂಸಿವಿ 80ಕ್ಕಿಂತ, ಒಂದು ಕಣದಲ್ಲಿರುವ ಹಿಮೋಗ್ಲೋಬಿನ್ ಪ್ರಮಾಣ ಹೇಳುವ ಎಂಸಿಎಚ್ 27ಕ್ಕಿಂತ ಕೆಳಗಿದ್ದರೆ ಮುಂದಿನ ಪರೀಕ್ಷೆ, ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ. ಅದರಲ್ಲಿ ಆಕೆಯ ಹಿಮೋಗ್ಲೋಬಿನ್ ಎ2 ಶೇ 5.3 ಬಂತು. ಇದು 4ಕ್ಕಿಂತ ಹೆಚ್ಚಿದ್ದರೆ ಬೀಟಾ ಥಲಸ್ಸೀಮಿಯಾ ವಾಹಕಿ ಎನ್ನಲು ಅಡ್ಡಿಯಿಲ್ಲ. 3.5ರಿಂದ 4ರ ನಡುವೆ ಬಂದಾಗಲೇ ತಲೆನೋವು, ಏಕೆಂದರೆ ಕಬ್ಬಿಣದ ತೀವ್ರ ಕೊರತೆ ಎ2 ಪ್ರಮಾಣವನ್ನು ಕೆಳಗೆಳೆದಿರಬಹುದು. ಬಸುರಿಯಲ್ಲಿ ಮೂರು ತಿಂಗಳು ಮಾತ್ರೆ ಕೊಟ್ಟು ಮತ್ತೆ ನೋಡೋಣ ಎನ್ನುವಷ್ಟು ಸಮಯವಿರುವುದಿಲ್ಲ, ಆಗ ನೇರವಾಗಿ ಗಂಡನ ರಕ್ತ ಪರೀಕ್ಷಿಸಬೇಕು.

ವಾಹಕರು ರೋಗಿಗಳಲ್ಲ. ಇಬ್ಬರೂ ವಾಹಕರಾದಾಗ ಮಾತ್ರ ಮಗುವಿಗೆ ಅಪಾಯ. ಹಾಗಾಗಿ ಗಂಡನನ್ನು ಕರೆಸಿದೆವು. ಆತ ಕಂಪನಿಯ ಆರೋಗ್ಯ ತಪಾಸಣೆಯ ವರದಿ ಹಿಡಿದು ಬಂದ: ಹಿಮೋಗ್ಲೋಬಿನ್ 14.6, ಎಂಸಿವಿ 86. "ನನ್ನ ರಕ್ತ ಚೆನ್ನಾಗಿಯೇ ಇದೆಯಲ್ಲ ಡಾಕ್ಟ್ರೇ, ಮತ್ತೆ ಯಾಕೆ ಚುಚ್ಚುತ್ತೀರಿ?" ಎಂದು ಕೇಳಿದ. ಎಷ್ಟೋ ಕಡೆ ತಪಾಸಣೆ ಇಲ್ಲಿಗೇ ನಿಂತುಬಿಡುತ್ತದೆ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆ ಸಿಕಲ್ ಸೆಲ್. ಅದರ ವಾಹಕರ ಸಿಬಿಸಿ ಪೂರ್ತಿ ಸರಿಯಾಗಿರಬಹುದು. ಕಣ ಚಿಕ್ಕದಾಗುವುದಿಲ್ಲ, ರಕ್ತಹೀನತೆ ಇರುವುದಿಲ್ಲ. ಆದ್ದರಿಂದ ಹೆಂಡತಿ ವಾಹಕಿಯಾಗಿದ್ದರೆ ಗಂಡನಿಗೆ ಎಚ್‌ಪಿಎಲ್‌ಸಿ ಆಗಲೇಬೇಕು. ಆತನ ವರದಿಯಲ್ಲಿ ಸಿಕಲ್ ಸೆಲ್‌ನ ಗುರುತಾದ ಹಿಮೋಗ್ಲೋಬಿನ್ ಎಸ್ ಶೇ 36 ಇತ್ತು, ಅಂದರೆ ಆತ ಅದರ ವಾಹಕ. ವಿದರ್ಭದಲ್ಲಿ ಸಿಕಲ್ ಸೆಲ್ ಅಪರೂಪವಲ್ಲ. ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲೂ ಇದೆ. ಪರೀಕ್ಷೆಗೆ ಮುನ್ನ ಒಂದು ಪ್ರಶ್ನೆ ಮರೆಯಬಾರದು: ಇತ್ತೀಚಿನ ತಿಂಗಳುಗಳಲ್ಲಿ ರಕ್ತ ಹಾಕಿಸಿಕೊಂಡಿದ್ದೀರಾ? ಹಾಕಿಸಿಕೊಂಡಿದ್ದರೆ ಯಂತ್ರ ದಾನಿಯ ರಕ್ತವನ್ನೂ ಸೇರಿಸಿ ಅಳೆಯುತ್ತದೆ.

ಆಕೆಯದು ಥಲಸ್ಸೀಮಿಯಾ, ಆತನದು ಸಿಕಲ್. ಎರಡೂ ಬೇರೆಯಲ್ಲವೇ ಎಂದು ಸಮಾಧಾನ ಪಡುವಂತಿಲ್ಲ. ಎರಡೂ ಬೀಟಾ ಗ್ಲೋಬಿನ್ ಎಂಬ ಒಂದೇ ಜೀನಿನ ದೋಷಗಳು. ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಎರಡೂ ದೋಷ ಸೇರಿ ಸಿಕಲ್-ಬೀಟಾ ಥಲಸ್ಸೀಮಿಯಾ ಬರಬಹುದು. ಅದು ಎಷ್ಟು ತೀವ್ರವೆಂಬುದು ತಾಯಿಯ ಜೀನ್ ದೋಷ ಯಾವುದೆಂಬುದರ ಮೇಲಿದೆ. ಹಾಗಾಗಿ ಮೊದಲು ಗಂಡ ಹೆಂಡತಿ ಇಬ್ಬರ ಡಿಎನ್‌ಎ ಪರೀಕ್ಷೆ. ಹುಡುಕಬೇಕಾದ ದೋಷ ಇದೇ ಎಂದು ಮೊದಲೇ ತಿಳಿಯದೆ ಮಗುವಿನ ಮಾದರಿ ತೆಗೆದರೆ ವರದಿಗಾಗಿ ವಾರಗಳು ಕಳೆಯುತ್ತವೆ.

ಆಕೆಯಲ್ಲಿ ಸಿಕ್ಕಿದ್ದು ಭಾರತದಲ್ಲಿ ಅತಿ ಹೆಚ್ಚಾಗಿ ಕಾಣುವ ಬೀಟಾ ಥಲಸ್ಸೀಮಿಯಾ ಜೀನ್ ದೋಷ ಐವಿಎಸ್ 1-5, ಅದು ಹಗುರವಾದದ್ದಲ್ಲ. 12ನೇ ವಾರದಲ್ಲಿ ಕೋರಿಯಾನಿಕ್ ವಿಲ್ಲಸ್ ಪರೀಕ್ಷೆ ಮಾಡಿಸಿದರು. ಸ್ಕ್ಯಾನ್‌ನಲ್ಲಿ ನೋಡುತ್ತಾ ಹೊಟ್ಟೆಯ ಮೂಲಕ ಸೂಜಿ ತೂರಿಸಿ, ಮುಂದೆ ಮಾಸು ಆಗುವ ಭಾಗದಿಂದ ಚೂರು ಅಂಗಾಂಶ ತೆಗೆಯುತ್ತಾರೆ. 11ರಿಂದ 14ನೇ ವಾರ ಇದಕ್ಕೆ ಹದ. ತಡವಾಗಿ ಬಂದವರಿಗೆ 16ನೇ ವಾರದ ನಂತರ ಗರ್ಭಜಲ ತೆಗೆಯುವ ಆಮ್ನಿಯೋಸೆಂಟೆಸಿಸ್. ಎರಡರಲ್ಲೂ ಗರ್ಭಪಾತದ ಅಪಾಯ ಸಣ್ಣದು. ಪಳಗಿದ ಕೈಯಲ್ಲಿ ಶೇ 1ಕ್ಕಿಂತ ಕಡಿಮೆ. ಪ್ರಯೋಗಾಲಯವನ್ನು ಒಂದು ವಿಷಯ ಕೇಳಿಕೊಳ್ಳಬೇಕು: ಮಾದರಿಯಲ್ಲಿ ತಾಯಿಯ ಜೀವಕೋಶ ಬೆರೆತಿಲ್ಲವೆಂದು ಪರೀಕ್ಷಿಸಿದ್ದೀರಾ? ಬೆರೆತಿದ್ದರೆ ಅಮ್ಮನ ವರದಿಯೇ ಮಗುವಿನದೆಂದು ಕೈಗೆ ಬರಬಹುದು. 'ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದಲ್ಲ' ಎನ್ನುವವರಿದ್ದಾರೆ. ಗೊತ್ತಾಗುವುದಿಲ್ಲ. ಈ ಕಾಯಿಲೆಯಿರುವ ಭ್ರೂಣ ಸ್ಕ್ಯಾನ್‌ನಲ್ಲಿ ಎಲ್ಲ ಭ್ರೂಣಗಳಂತೆಯೇ ಕಾಣುತ್ತದೆ.

ಈ ಪರೀಕ್ಷೆಗಳಿಗೆ ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯಲ್ಲೇ ಅವಕಾಶವಿದೆ, ಆದರೆ ನೋಂದಾಯಿತ ಕೇಂದ್ರದಲ್ಲಿ, ತಾಯಿಯ ಲಿಖಿತ ಒಪ್ಪಿಗೆಯೊಂದಿಗೆ ಮಾತ್ರ, ಲಿಂಗ ತಿಳಿಸುವಂತಿಲ್ಲ. ಮಗುವಿಗೆ ಕಾಯಿಲೆಯಿದೆ ಎಂದು ಬಂದರೆ ಬಸಿರು ಮುಂದುವರಿಸುವುದೋ ಬೇಡವೋ ಎಂಬುದು ಆಕೆಯ ನಿರ್ಧಾರ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ ಬಸಿರು ತೆಗೆಸಲು 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, 24ರವರೆಗೆ ನಿಗದಿತ ಸಂದರ್ಭಗಳಲ್ಲಿ ಇಬ್ಬರದು ಬೇಕು. ಏನೇ ಬಂದರೂ ತೆಗೆಸುವುದಿಲ್ಲ ಎನ್ನುವ ದಂಪತಿಯನ್ನು ನಾನು ಸೂಜಿಗೆ ಒತ್ತಾಯಿಸುವುದಿಲ್ಲ. ಅಂಥವರ ಮಗುವಿಗೆ ಹುಟ್ಟಿದ ಕೂಡಲೇ ರಕ್ತಪರೀಕ್ಷೆ ಮಾಡಿಸಿ, ಸಿಕಲ್ ಕಾಯಿಲೆಯಿದ್ದರೆ ಎರಡು ಮೂರು ತಿಂಗಳೊಳಗೆ ಪೆನಿಸಿಲಿನ್ ಶುರುಮಾಡಿದರೆ ಮಾರಕ ಸೋಂಕುಗಳನ್ನು ಬಹುಮಟ್ಟಿಗೆ ತಡೆಯಬಹುದು.

ಈ ಮಗುವಿಗೆ ಬಂದದ್ದು ಅಪ್ಪನ ಸಿಕಲ್ ಜೀನ್ ಮಾತ್ರ, ಅಂದರೆ ಬರೀ ವಾಹಕ. ಮುಂದಿನ ಬಸಿರಿಗೆ ಅಪಾಯ ಮತ್ತೆ ನಾಲ್ಕರಲ್ಲೊಂದೇ. ಆದರೆ ಇಬ್ಬರ ಡಿಎನ್‌ಎ ವರದಿ ಈಗ ಕೈಯಲ್ಲಿರುವುದರಿಂದ, ಮುಟ್ಟು ತಪ್ಪಿದ ಕೂಡಲೇ ಬಂದರೆ 11ನೇ ವಾರಕ್ಕೇ ದಿನ ಗೊತ್ತುಮಾಡಬಹುದು. ಆತನ ತಂಗಿಗೆ ಗಂಡು ನೋಡುತ್ತಿದ್ದಾರಂತೆ. ಅವಳಿಗೂ ಎಚ್‌ಪಿಎಲ್‌ಸಿ ಮಾಡಿಸಲು ಚೀಟಿ ಬರೆದುಕೊಟ್ಟಿದ್ದೇನೆ.