ಪಗಾರದ ಮುಂಗಡ ಕೇಳುವ ಅರ್ಜಿ: ಕಂತು ಮೊದಲು, ಬರವಣಿಗೆ ಆಮೇಲೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಳಗಾವಿಯ ಉದ್ಯಮಬಾಗದಲ್ಲಿ ಆರು ಜನ ದುಡಿಯುವ ಒಂದು ಲೇತ್ ವರ್ಕ್‌ಶಾಪ್. ಅಲ್ಲಿನ ಒಬ್ಬ ಕೆಲಸಗಾರನ ಪಗಾರ 18,000 ರೂಪಾಯಿ. ಅಪ್ಪನಿಗೆ ಹರ್ನಿಯಾ ಆಪರೇಷನ್ ಆಗಬೇಕು. ಆಸ್ಪತ್ರೆಯವರು ಬರೆದುಕೊಟ್ಟ ಅಂದಾಜು 32,000. ಕೈಯಲ್ಲಿರುವುದು 12,000. ಹಾಗಾದರೆ ಕೇಳಬೇಕಾದದ್ದು 20,000, ಒಂದು ರೂಪಾಯಿಯೂ ಜಾಸ್ತಿ ಅಲ್ಲ.

ಬರೆಯುವ ಮೊದಲು ಕಂತಿನ ಲೆಕ್ಕ ಹಾಕಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ಮಾಲಕರು ಒಪ್ಪಲಿ ಅಂತ ‘ತಿಂಗಳಿಗೆ 5,000 ಮುರಿದುಕೊಳ್ಳಿ’ ಎಂದು ಬರೆದುಬಿಡುತ್ತಾರೆ. ಆಗ ಕೈಗೆ ಬರುವುದು 13,000. ಮನೆಗೆ ತಿಂಗಳಿಗೆ 14,000 ಬೇಕೇ ಬೇಕು ಅಂದರೆ, ಎರಡನೇ ತಿಂಗಳಿಗೇ ಮತ್ತೆ ಮುಂಗಡ ಕೇಳುವ ಸ್ಥಿತಿ ಬರುತ್ತದೆ. ಮಾತು ಉಳಿಯದಿದ್ದರೆ ಮರ್ಯಾದೆ ಹೋಗುವುದು ಆಗಲೇ ಅಲ್ವಾ? 2,500ರಂತೆ 8 ತಿಂಗಳು ಅಂದರೆ 15,500 ಉಳಿಯುತ್ತದೆ. ಸಂಸಾರ ನಡೆಯುತ್ತದೆ, ಸಾಲವೂ ತೀರುತ್ತದೆ.

ಈಗ ಅರ್ಜಿ:

‘ಮಾನ್ಯರೇ, ನನ್ನ ತಂದೆಯವರಿಗೆ ಈ ತಿಂಗಳ 18ರಂದು ಹರ್ನಿಯಾ ಆಪರೇಷನ್ ಇದೆ. ಆಸ್ಪತ್ರೆಯ ಅಂದಾಜು ಚೀಟಿ ಲಗತ್ತಿಸಿದ್ದೇನೆ. ಇದಕ್ಕಾಗಿ 20,000 ರೂಪಾಯಿ ಪಗಾರದ ಮುಂಗಡವನ್ನು 16ರೊಳಗೆ ಕೊಡಬೇಕೆಂದು ಕೋರುತ್ತೇನೆ. ಮುಂದಿನ ತಿಂಗಳಿಂದ ತಿಂಗಳಿಗೆ 2,500ರಂತೆ 8 ತಿಂಗಳು ನನ್ನ ಪಗಾರದಲ್ಲಿ ಮುರಿದುಕೊಳ್ಳಬಹುದು.’

ಇಷ್ಟೇ ಸಾಕು. ‘ನಿಮ್ಮ ಕಾಲಿಗೆ ಬೀಳುತ್ತೇನೆ’, ‘ನೀವೇ ದೇವರು’ ಬೇಡ. ಮನೆಯ ಹಳೆಯ ಸಾಲದ ಕಥೆಯೂ ಬೇಡ. ಕಾಯಿಲೆ ನಿಮ್ಮದೇ ಆಗಿದ್ದು, ಹೆಸರು ಹೇಳಲು ಸಂಕೋಚವಿದ್ದರೆ ‘ಆಪರೇಷನ್’ ಅಂತಷ್ಟೇ ಬರೆಯಿರಿ. ‘ಸ್ವಲ್ಪ ಹಣ’ ಅಂತ ಮಾತ್ರ ಎಂದೂ ಬರೆಯಬೇಡಿ. ಎಷ್ಟು ಅಂತ ಮಾಲಕರೇ ಕೇಳಬೇಕಾಗುತ್ತದೆ, ಚೌಕಾಸಿ ಶುರುವಾಗುತ್ತದೆ.

ಅರ್ಜಿಯನ್ನು ಸುಮ್ನೆ ಮೇಜಿನ ಮೇಲೆ ಇಟ್ಟು ಬರಬೇಡಿ. ಗಿರಾಕಿಗಳು ಇಲ್ಲದ ಹೊತ್ತು ನೋಡಿ, ‘ಮಾಲಕರ, ಎರಡು ನಿಮಿಷ ಮಾತಾಡೂದಿತ್ರೀ’ ಅಂತ ಹೇಳಿ ಕೈಗೆ ಕೊಡಿ.

ಒಂದು ಮಾತು ತಿಳಿದಿರಲಿ. ಮುಂಗಡ ಕೊಡಲೇಬೇಕು ಅಂತ ಕಾನೂನು ಮಾಲಕರಿಗೆ ಹೇಳುವುದಿಲ್ಲ. ಕೊಟ್ಟದ್ದನ್ನು ಪಗಾರದಲ್ಲಿ ಮುರಿಯಲು ಅವಕಾಶವಿದೆ. ಆದರೆ ಸಾಮಾನ್ಯವಾಗಿ ಎಲ್ಲ ಕಡಿತ ಸೇರಿ ಪಗಾರದ ಅರ್ಧ ದಾಟುವಂತಿಲ್ಲ. ನಿಮ್ಮದು ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಯಾಗಿದ್ದು ಪಗಾರದಲ್ಲಿ ಇಎಸ್‌ಐ ಹಿಡಿಯುತ್ತಿದ್ದರೆ, ಮೊದಲು ಆ ಕಾರ್ಡಿನಲ್ಲಿ ಅಪ್ಪನ ಹೆಸರು ಇದೆಯಾ ನೋಡಿ. ಇದ್ದರೆ ಮುಂಗಡದ ಅಗತ್ಯವೇ ಬೀಳದಿರಬಹುದು.

ಮಾಲಕರು ‘ಹತ್ತು ಸಾವಿರ ಅಷ್ಟ ಆಗ್ತದ’ ಅಂದರೆ ಅದನ್ನೇ ತೆಗೆದುಕೊಳ್ಳಿ, ಕಂತು 2,500 ಆಗಿಯೇ ಇರಲಿ, ಅವಧಿಯನ್ನು ಅಲ್ಲೇ 4 ತಿಂಗಳಿಗೆ ಇಳಿಸಿ, ಅರ್ಜಿಯ ಕೆಳಗೆ ಬರೆದು ಇಬ್ಬರೂ ಸಹಿ ಮಾಡಿ. ಅದರ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಪ್ರತಿ ಪಗಾರದ ದಿನ ಮುರಿದ ಮೊತ್ತವನ್ನೂ ಬಾಕಿಯನ್ನೂ ಅದರ ಮೇಲೆ ಬರೆಯುತ್ತಾ ಹೋಗಿ.