ಬಾಟಲಿಯ ನೀರು ಅಲುಗಾಡುತ್ತಿಲ್ಲ: ಒಳ್ಳೆಯದೋ, ಕೆಟ್ಟದ್ದೋ?

ಜಮಖಂಡಿಯ ಕಡೆಯ ಓದುಗಿಯೊಬ್ಬರು ನರ್ಸಿಂಗ್ ಮೊದಲ ವರ್ಷದಲ್ಲಿದ್ದಾರೆ. ಅವರ ಪ್ರಶ್ನೆ ಹೀಗಿದೆ: “ಎದೆಗೆ ಕೊಳವೆ ಹಾಕಿದ ರೋಗಿಯ ವಾಟರ್ ಸೀಲ್ ಬಾಟಲಿಯಲ್ಲಿ ನೀರಿನ ಏರಿಳಿತ ನಿಂತರೆ ಶ್ವಾಸಕೋಶ ಹಿಗ್ಗಿದೆ ಎಂದು ಒಂದು ಪ್ರಶ್ನೆಪತ್ರಿಕೆಯ ಉತ್ತರದಲ್ಲಿದೆ. ಕೊಳವೆ ಮುಚ್ಚಿಕೊಂಡಿದೆ ಎಂದು ಇನ್ನೊಂದರಲ್ಲಿದೆ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಬೇಕು, ಮೇಡಂ?”

ಎರಡೂ ಸರಿ. ಬಾಟಲಿಯೊಂದನ್ನೇ ನೋಡಿದರೆ ಯಾವುದು ಎಂದು ಹೇಳಲಾಗದು. ಪ್ರಶ್ನೆ ಕೇಳುವವರು ನಮ್ಮನ್ನು ಸಿಕ್ಕಿಸುವುದೂ ಇಲ್ಲಿಯೇ.

ಮೊದಲು ಆ ನೀರು ಏಕೆ ಅಲುಗಾಡುತ್ತದೆ ಎಂದು ನೋಡೋಣ. ಶ್ವಾಸಕೋಶದ ಸುತ್ತಲಿನ ಜಾಗದಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರುತ್ತದೆ, ಉಸಿರು ಎಳೆದಾಗ ಇನ್ನಷ್ಟು ಇಳಿಯುತ್ತದೆ. ಕೊಳವೆಯ ತುದಿ ಬಾಟಲಿಯ ನೀರಿನಲ್ಲಿ ಸುಮಾರು 2 ಸೆಂ.ಮೀ. ಮುಳುಗಿರುವುದರಿಂದ, ರೋಗಿ ಉಸಿರು ಎಳೆದಾಗ ನೀರು ಕೊಳವೆಯೊಳಗೆ ಮೇಲೇರುತ್ತದೆ, ಬಿಟ್ಟಾಗ ಇಳಿಯುತ್ತದೆ. ವೆಂಟಿಲೇಟರಿನಲ್ಲಿರುವ ರೋಗಿಯಲ್ಲಿ ಇದು ತಿರುವುಮುರುವು. ಪುಸ್ತಕದಲ್ಲಿ ಇದಕ್ಕೆ ಟೈಡಲಿಂಗ್ ಎಂಬ ಹೆಸರಿದೆ. ವಾರ್ಡಿನಲ್ಲಿ ಮಾತ್ರ ರೌಂಡ್ಸಿಗೆ ಬಂದ ವೈದ್ಯರು ಕೇಳುವುದು “ಕಾಲಂ ಮೂವ್‌ಮೆಂಟ್ ಇದೆಯೇ, ಸಿಸ್ಟರ್?” ಎಂದೇ. ಎದೆಯೊಳಗಿನ ಒತ್ತಡ ತಡೆಯಿಲ್ಲದೆ ಬಾಟಲಿಯನ್ನು ಮುಟ್ಟುತ್ತಿದೆ ಎಂಬುದಕ್ಕೆ ಆ ಚಲನೆ ಸಾಕ್ಷಿ. ಅದು ನಿಂತಿತೆಂದರೆ ಸಾಮಾನ್ಯವಾಗಿ ನಡುವಿನ ದಾರಿ ಮುಚ್ಚಿದೆ. ಹಿಗ್ಗಿದ ಶ್ವಾಸಕೋಶವೇ ಬಂದು ಕೊಳವೆಯ ರಂಧ್ರಗಳಿಗೆ ಒತ್ತಿಕೊಂಡಿರಬಹುದು, ಅಥವಾ ಕೊಳವೆ ಮಡಚಿಕೊಂಡಿರಬಹುದು, ಅದರಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಯಂತ್ರದ ಸಕ್ಷನ್ ಜೋಡಿಸಿದ್ದರೂ ಚಲನೆ ಕಾಣದಿರಬಹುದು. ಅದು ಮೂರನೆಯ ಕಾರಣ.

ಬಾಗಲಕೋಟೆಯಲ್ಲಿ ನಾನು ರಾತ್ರಿ ಪಾಳಿಯಲ್ಲಿದ್ದ ದಿನಗಳ ಒಂದು ಪ್ರಸಂಗವನ್ನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ. ಕಬ್ಬಿನ ಹಂಗಾಮು. ಮುಧೋಳದ ಕಡೆಯ ಸುಮಾರು ನಲವತ್ತರ ಪ್ರಾಯದ ರೈತ, ಕಬ್ಬು ಹೇರಿದ ಟ್ರೇಲರಿನ ಮೇಲಿನಿಂದ ಬಿದ್ದು ಬಲಗಡೆಯ ಪಕ್ಕೆಲುಬು ಮುರಿದುಕೊಂಡಿದ್ದರು. ಒಳಗೆ ಗಾಳಿಯೂ ರಕ್ತವೂ ಸೇರಿದ್ದರಿಂದ ಐಸಿಡಿ, ಅಂದರೆ ಎದೆಯ ಕೊಳವೆ, ಹಾಕಲಾಗಿತ್ತು. ಬಾಟಲಿಗೆ ಮೊದಲೇ 500 ಮಿ.ಲೀ. ಸ್ಟೆರೈಲ್ ನೀರು ತುಂಬಿದ್ದರು. ಬೆಳಿಗ್ಗೆ 8ಕ್ಕೆ ಮಟ್ಟ 780 ಇತ್ತು, ಅಂದರೆ ಬಂದದ್ದು 280. ತುಂಬಿದ ನೀರನ್ನು ಕಳೆಯುವುದನ್ನು ಮರೆತವರ ಚಾರ್ಟಿನಲ್ಲಿ ರೋಗಿ ಒಂದೇ ದಿನಕ್ಕೆ ಮುಕ್ಕಾಲು ಲೀಟರ್ ರಕ್ತ ಕಳೆದುಕೊಂಡಿರುತ್ತಾನೆ! ರಾತ್ರಿ 9ಕ್ಕೆ ಮಟ್ಟ 870.

ಎರಡು ಗಂಟೆಗೆ ನಾನು ನೋಡಿದಾಗಲೂ 870. ನೀರು ಅಲುಗಾಡುತ್ತಿರಲಿಲ್ಲ. ಜೊತೆಯಲ್ಲಿದ್ದ ಹೊಸ ಹುಡುಗಿ, “ಶ್ವಾಸಕೋಶ ಹಿಗ್ಗಿರಬೇಕು, ಅಕ್ಕಾ, ರಕ್ತವೂ ನಿಂತಿದೆ” ಎಂದಳು. ನಾನು ಬಾಟಲಿಯನ್ನು ಬಿಟ್ಟು ರೋಗಿಯ ಮುಖ ನೋಡಿದೆ. ಉಸಿರಾಟ ನಿಮಿಷಕ್ಕೆ 22 ಇದ್ದದ್ದು 28 ಆಗಿತ್ತು, ಆಮ್ಲಜನಕದ ಮಟ್ಟ 97ರಿಂದ 92ಕ್ಕೆ ಇಳಿದಿತ್ತು. ಸ್ಟೆತಸ್ಕೋಪ್ ಇಟ್ಟರೆ ಬಲಗಡೆ ಉಸಿರಿನ ಸದ್ದು ಎಡಕ್ಕಿಂತ ಬಹಳ ಕಡಿಮೆ. ಹಿಗ್ಗಿದ ಶ್ವಾಸಕೋಶದ ಲಕ್ಷಣ ಇದಲ್ಲ.

ಎದೆಯಿಂದ ಬಾಟಲಿಯವರೆಗೆ ಕೊಳವೆಯ ಮೇಲೆ ಕೈಯಾಡಿಸುತ್ತಾ ಹೋದೆ. ರೋಗಿ ನಿದ್ದೆಯಲ್ಲಿ ಬಲಕ್ಕೆ ಹೊರಳಿದ್ದರು, ಕೊಳವೆ ದೇಹಕ್ಕೂ ಮಂಚದ ಕಂಬಿಗೂ ನಡುವೆ ಸಿಕ್ಕಿ ಮಡಚಿಕೊಂಡಿತ್ತು. ಅಲ್ಲಿಂದ ಕೆಳಗೆ ಅದು ಜೋಕಾಲಿಯಂತೆ ಇಳಿಬಿದ್ದು, ಆ ತಗ್ಗಿನಲ್ಲಿ ರಕ್ತ ನಿಂತಿತ್ತು. ರೋಗಿಯನ್ನು ಮೆಲ್ಲಗೆ ಎತ್ತಿ ಕೂರಿಸಿ, ಮಡಿಕೆ ಬಿಡಿಸಿ, ಕೊಳವೆಯನ್ನು ನೇರವಾಗಿಟ್ಟು ಕೆಮ್ಮಲು ಹೇಳಿದೆವು. ನೀರು ತಟ್ಟನೆ ಏರಿಳಿಯಿತು. ಕೆಲವೇ ನಿಮಿಷಗಳಲ್ಲಿ ಮಟ್ಟ 1,020 ತಲುಪಿತು.

ಗಂಟೆಗೆ 100 ಮಿ.ಲೀ.ಗಿಂತ ಹೆಚ್ಚು ರಕ್ತ ಬಂದರೆ ವೈದ್ಯರಿಗೆ ತಿಳಿಸಬೇಕು ಎಂದು ಪುಸ್ತಕದಲ್ಲಿದೆ. ಇಲ್ಲಿ ನಿಮಿಷಗಳಲ್ಲೇ 150 ಬಂದಿತ್ತು. ತಿಳಿಸಿದೆವು. ಆದರೆ ಅದರ ಬಣ್ಣ ಕಪ್ಪು ಬೆರೆತ ಕೆಂಪು. ಹೊಸದಾಗಿ ಸುರಿದದ್ದಲ್ಲ, ಐದು ಗಂಟೆಗಳಲ್ಲಿ ಒಳಗೆ ಸಂಗ್ರಹವಾಗಿದ್ದದ್ದು. ಮುಂದಿನ ಒಂದು ಗಂಟೆಯಲ್ಲಿ ಬಂದದ್ದು ಬರೀ 20 ಮಿ.ಲೀ., ಆಮ್ಲಜನಕವೂ 96ಕ್ಕೆ ಏರಿತು. ಹೊಳೆಯುವ ಕೆಂಪು ರಕ್ತ ಗಂಟೆಗಂಟೆಗೂ ಹೀಗೇ ಬರುತ್ತಿದ್ದರೆ ಕಥೆಯೇ ಬೇರೆ ಇರುತ್ತಿತ್ತು.

ಐದನೆಯ ದಿನ ಅದೇ ರೋಗಿಯ ಅದೇ ಬಾಟಲಿಯಲ್ಲಿ ನೀರು ಮತ್ತೆ ನಿಂತಿತು. ಈ ಸಲ ಅವರು ಕುಳಿತು ಜೋಳದ ರೊಟ್ಟಿ ತಿನ್ನುತ್ತಿದ್ದರು. ಉಸಿರಿನ ಸದ್ದು ಎರಡೂ ಕಡೆ ಸಮ, ಕೆಮ್ಮಿದರೂ ಒಂದು ಗುಳ್ಳೆಯಿಲ್ಲ, ಕೊಳವೆಯಲ್ಲಿ ಎಲ್ಲೂ ಮಡಿಕೆಯಿಲ್ಲ, ಇಪ್ಪತ್ತನಾಲ್ಕು ಗಂಟೆಗಳಲ್ಲಿ ಬಂದದ್ದು 60 ಮಿ.ಲೀ. ಎಕ್ಸ್‌ರೇ ತೆಗೆದಾಗ ಶ್ವಾಸಕೋಶ ಪೂರ್ತಿ ಹಿಗ್ಗಿತ್ತು. ಕೊಳವೆ ತೆಗೆದರು.

ಹಾಗಾಗಿ ಪರೀಕ್ಷೆಯಲ್ಲಿ ಪ್ರಶ್ನೆಯ ಉಳಿದ ಸಾಲುಗಳನ್ನು ಓದಿ. ಉಸಿರಾಟ ಸಲೀಸು, ಸದ್ದು ಸಮ, ಮೂರ್ನಾಲ್ಕು ದಿನ ಕಳೆದಿದೆ ಎಂದಿದ್ದರೆ ಶ್ವಾಸಕೋಶ ಹಿಗ್ಗಿದೆ. ಉಸಿರಾಟ ಏದುಸಿರಾಗಿದೆ, ಬಾಟಲಿಗೆ ಬರುತ್ತಿದ್ದ ರಕ್ತ ಏಕಾಏಕಿ ನಿಂತಿದೆ ಎಂದಿದ್ದರೆ ಕೊಳವೆ ಮುಚ್ಚಿದೆ. ಏನನ್ನೂ ಕೊಡದೆ “ನರ್ಸ್ ಮೊದಲು ಏನು ಮಾಡಬೇಕು” ಎಂದಷ್ಟೇ ಕೇಳಿದ್ದರೆ, ರೋಗಿಯನ್ನು ಮತ್ತು ಕೊಳವೆಯನ್ನು ಪರಿಶೀಲಿಸುವ ಆಯ್ಕೆಯನ್ನು ಆರಿಸಿ. ಕೊಳವೆಯನ್ನು ಬಲವಾಗಿ ಹಿಂಡುತ್ತಾ ಎಳೆಯುವ ಆಯ್ಕೆ ಆಕರ್ಷಕವಾಗಿ ಕಾಣುತ್ತದೆ, ಬೇಡ. ಅದರಿಂದ ಎದೆಯೊಳಗೆ ವಿಪರೀತ ಎಳೆತ ಉಂಟಾಗಿ ಶ್ವಾಸಕೋಶಕ್ಕೆ ಪೆಟ್ಟಾಗಬಹುದು.

ಗುಳ್ಳೆಗಳ ಪ್ರಶ್ನೆ ಇದರ ತಂಗಿ. ವಾಟರ್ ಸೀಲಿನಲ್ಲಿ ಕೆಮ್ಮಿದಾಗ ಒಂದೆರಡು ಗುಳ್ಳೆ ಬಂದರೆ ಒಳಗಿನ ಗಾಳಿ ಹೊರಬರುತ್ತಿದೆ ಎಂದರ್ಥ, ಚಿಂತೆಯಿಲ್ಲ. ಬಿಡುವಿಲ್ಲದೆ ಬುಳುಬುಳು ಎನ್ನುತ್ತಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ಮೊದಲು ಜೋಡಣೆಗಳನ್ನು ನೋಡಬೇಕು. ಅದೇ ಬುಳುಬುಳು ಪಕ್ಕದ ನೀರಿನ ಸಕ್ಷನ್ ಬಾಟಲಿಯಲ್ಲಿದ್ದರೆ ಸಹಜ. ಯಾವ ಬಾಟಲಿ ಎಂದು ಓದದೆ ಗುರುತು ಹಾಕಿದವರು ಬಹಳ.

ಮೂತ್ರದ ಕ್ಯಾತಿಟರಿನ ಪ್ರಶ್ನೆಗೂ ಇದೇ ದಾರಿ. ಎರಡು ಗಂಟೆಯಾದರೂ ಚೀಲಕ್ಕೆ ಮೂತ್ರ ಬರದಿದ್ದರೆ ಮೂತ್ರಪಿಂಡವನ್ನು ದೂರುವ ಮೊದಲು ನಳಿಕೆಯ ಮಡಿಕೆ ನೋಡಿ, ಕಿಬ್ಬೊಟ್ಟೆ ಮುಟ್ಟಿ. ಮೂತ್ರಕೋಶ ತುಂಬಿ ಉಬ್ಬಿದ್ದರೆ ದಾರಿ ಮುಚ್ಚಿದೆ. ಖಾಲಿಯಿದ್ದು ಗಂಟೆಗೆ 30 ಮಿ.ಲೀ. ಕೂಡ ಬರುತ್ತಿಲ್ಲವಾದರೆ ಮೂತ್ರವೇ ತಯಾರಾಗುತ್ತಿಲ್ಲ, ವೈದ್ಯರನ್ನು ಕರೆಯಿರಿ.

ಮೊದಲು ಪರಿಶೀಲಿಸು ಎಂಬ ಉತ್ತರ ತಪ್ಪಾಗುವ ಸಂದರ್ಭವೂ ಒಂದಿದೆ. ರೋಗಿಯ ಸಂಬಂಧಿಕರ ಕಾಲು ತಾಗಿ ಬಾಟಲಿ ಒಡೆದಿದೆ, ಕೊಳವೆ ಎದೆಯಲ್ಲೇ ಇದೆ ಎಂದು ಪ್ರಶ್ನೆಯಲ್ಲಿದ್ದರೆ ನಾಡಿ ಎಣಿಸುತ್ತಾ ನಿಲ್ಲಬಾರದು. ಕೊಳವೆಯ ತುದಿಯನ್ನು ತಕ್ಷಣ ಸ್ಟೆರೈಲ್ ನೀರಿನ ಬಾಟಲಿಯಲ್ಲಿ 2 ಸೆಂ.ಮೀ. ಮುಳುಗಿಸಬೇಕು. ಕ್ಲಾಂಪ್ ಹಾಕಿ ಬಿಟ್ಟುಬಿಡುವುದು ಉತ್ತರವಲ್ಲ. ಗಾಳಿ ಸೋರುವ ರೋಗಿಯಲ್ಲಿ ಆ ಗಾಳಿ ಹೊರಹೋಗದೆ ಒಳಗೇ ಒತ್ತಡ ಏರಿ ಹೃದಯವನ್ನೇ ಪಕ್ಕಕ್ಕೆ ತಳ್ಳಬಹುದು. ಐಸಿಡಿ ರೋಗಿಯ ಮಂಚದ ಬಳಿ ಸ್ಟೆರೈಲ್ ನೀರಿನ ಬಾಟಲಿಯೊಂದನ್ನು ಸದಾ ಇಟ್ಟಿರುವುದು ಇದಕ್ಕಾಗಿಯೇ.